ಮೂರು ಅಂಕದ ಉತ್ತರದಲ್ಲಿ ಒಂದು ಒಣಕೆಮ್ಮು

‘ಎನಾಲಪ್ರಿಲ್‌ನ ವರ್ಗ, ಉಪಯೋಗ ಮತ್ತು ಅಡ್ಡಪರಿಣಾಮಗಳನ್ನು ಬರೆಯಿರಿ.’ ಡಿ.ಫಾರ್ಮಾ ಎರಡನೇ ವರ್ಷದ ಫಾರ್ಮಕಾಲಜಿ ಪತ್ರಿಕೆಯಲ್ಲಿ ಇಂಥ ಪ್ರಶ್ನೆಗೆ ಮೂರು ಅಂಕ. ಪತ್ರಿಕೆ ಒಟ್ಟು 80 ಅಂಕದ್ದು, ಸಮಯ ಮೂರು ಗಂಟೆ. ಕಿರು ಉತ್ತರದ 11 ಪ್ರಶ್ನೆಗಳಲ್ಲಿ 10ಕ್ಕೆ ಉತ್ತರಿಸಬೇಕು. ಲೆಕ್ಕ ಹಾಕಿದರೆ ಒಂದೊಂದಕ್ಕೆ ಸಿಗುವುದು ಆರೇಳು ನಿಮಿಷ, ಬರೆಯಲು ಆಗುವುದು ಎಂಟು ಹತ್ತು ಸಾಲು. ಉಳಿದ 20 ಅಂಕ ಕಾಲೇಜಿನ ಒಳಗಿನ ಸೆಷನಲ್ ಪರೀಕ್ಷೆಗಳದ್ದು. ಬೋರ್ಡ್ ಪರೀಕ್ಷೆಯ ಉತ್ತರಪತ್ರಿಕೆ ಒಮ್ಮೆ ಹೋದರೆ ಹೋಯಿತು. ಸೆಷನಲ್‌ನಲ್ಲಿ ಹಾಗಲ್ಲ, ಬರೆದವರು ಮಾರನೆಯ ದಿನ ಎದುರಿಗೇ ಕೂತಿರುತ್ತಾರೆ. ‘ಇದನ್ನು ಯಾಕೆ ಹೀಗೆ ಬರೆದೆ?’ ಎಂದು ಕೇಳಬಹುದು. ಫಾರ್ಮಕಾಲಜಿ ಕಲಿಸುವ ನನ್ನಂಥವರಿಗೆ ನಿಜವಾದ ಮೌಲ್ಯಮಾಪನ ನಡೆಯುವುದು ಅಲ್ಲಿಯೇ.

ತರಗತಿಯಲ್ಲಿ ಮತ್ತೆ ಮತ್ತೆ ಕಾಣುವ ಉತ್ತರಗಳನ್ನೆಲ್ಲ ಸೇರಿಸಿ ಒಂದು ಮಾದರಿ ಮಾಡಿದರೆ ಅದು ಹೀಗಿರುತ್ತದೆ. ವರ್ಗ: ಆ್ಯಂಟಿಹೈಪರ್‌ಟೆನ್ಸಿವ್. ಉಪಯೋಗ: ಬಿಪಿ, ಹಾರ್ಟ್ ಫೇಲ್ಯೂರ್. ಅಡ್ಡಪರಿಣಾಮ: ವಾಂತಿ, ತಲೆನೋವು, ಒಣಕೆಮ್ಮು, ಹೈಪೋಕಲೇಮಿಯ.

ಈ ಉತ್ತರಕ್ಕೆ ಎಷ್ಟು ಅಂಕ ಕೊಡಬೇಕು? ಮೇಲ್ನೋಟಕ್ಕೆ ಚೆನ್ನಾಗಿಯೇ ಇದೆ. ಮೂರು ತಲೆಬರಹಗಳೂ ಇವೆ, ಯಾವುದನ್ನೂ ಖಾಲಿ ಬಿಟ್ಟಿಲ್ಲ. ಅವಸರದಲ್ಲಿ ನೋಡಿದವರು ಎರಡೂವರೆ ಕೊಟ್ಟು ಪುಟ ತಿರುಗಿಸಬಹುದು. ನಾನು ಎರಡು ಕೊಡುತ್ತೇನೆ. ಅರ್ಧ ಅಂಕದ ವ್ಯತ್ಯಾಸ ಸಣ್ಣದು. ಆದರೆ ಅದು ಎಲ್ಲಿ ಕಳೆಯಿತು ಎಂಬುದು ವಿದ್ಯಾರ್ಥಿನಿಗೆ ಗೊತ್ತಾಗಲೇಬೇಕು. ಮುಂದೆ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡು ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವವಳು ಅವಳೇ.

ಮೊದಲು ವರ್ಗದ ಮಾತು. ‘ಆ್ಯಂಟಿಹೈಪರ್‌ಟೆನ್ಸಿವ್’ ಎಂದರೆ ರಕ್ತದೊತ್ತಡ ಇಳಿಸುವ ಔಷಧ. ತಪ್ಪೇನೂ ಅಲ್ಲ. ಆದರೆ ಅದು ಔಷಧ ಯಾವ ಕಾಯಿಲೆಗೆ ಎಂದು ಹೇಳುತ್ತದೆಯೇ ಹೊರತು, ದೇಹದಲ್ಲಿ ಏನು ಮಾಡುತ್ತದೆ ಎಂದು ಹೇಳುವುದಿಲ್ಲ. ಮುಂದಿನ ಸಾಲಿನಲ್ಲಿ ಬರೆಯಬೇಕಾದ ಉಪಯೋಗವನ್ನೇ ಮೊದಲ ಸಾಲಿನಲ್ಲಿ ಇನ್ನೊಂದು ಹೆಸರಿನಿಂದ ಬರೆದಂತಾಯಿತು. ರಕ್ತದೊತ್ತಡ ಇಳಿಸುವ ಔಷಧಗಳಲ್ಲೇ ಹಲವು ಬಗೆ ಇವೆ. ಹೃದಯದ ಬಡಿತದ ವೇಗ ತಗ್ಗಿಸುವ ಬೀಟಾ ಬ್ಲಾಕರ್‌ಗಳು, ರಕ್ತನಾಳದ ಗೋಡೆಯ ಸ್ನಾಯು ಸಡಿಲಿಸುವ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳು, ಮೂತ್ರದಲ್ಲಿ ಉಪ್ಪು ನೀರು ಹೊರಹಾಕಿಸುವ ಡೈಯುರೆಟಿಕ್‌ಗಳು, ಹೀಗೆ. ಎಲ್ಲವೂ ಜನರ ಬಾಯಲ್ಲಿ ‘ಬಿಪಿ ಮಾತ್ರೆ’ಯೇ. ಆದರೆ ಒಂದೊಂದರಿಂದ ಬರುವ ತೊಂದರೆ ಒಂದೊಂದು ತರಹ. ಎನಾಲಪ್ರಿಲ್ ‘ಎಸಿಇ ಇನ್ಹಿಬಿಟರ್’, ಅಂದರೆ ಎಸಿಇ ಎಂಬ ಕಿಣ್ವದ ಕೆಲಸ ತಡೆಯುವ ಔಷಧ ಎಂದು ಬರೆದಿದ್ದರೆ ಪೂರ್ತಿ ಒಂದು ಅಂಕ. ಹೀಗೆ ಬರೆದಿದ್ದಕ್ಕೆ ಅರ್ಧ.

ಇಷ್ಟಕ್ಕೆ ಅರ್ಧ ಅಂಕ ಕಳೆಯುವುದು ಹಟಮಾರಿತನ ಎಂದು ಕೆಲವು ಸಹೋದ್ಯೋಗಿಗಳು ಹೇಳುವುದುಂಟು. ನನ್ನ ಅಭಿಪ್ರಾಯ ಬೇರೆ. ಸರಿಯಾದ ವರ್ಗ ಗೊತ್ತಿದ್ದರೆ ಕೆಳಗಿನ ಅಡ್ಡಪರಿಣಾಮಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬಹಳಷ್ಟು ಮಟ್ಟಿಗೆ ಇರುವುದಿಲ್ಲ. ಅವು ತಾವಾಗಿ ಹೊರಬರುತ್ತವೆ. ಎನಾಲಪ್ರಿಲ್ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ.

ಎಸಿಇ ಕಿಣ್ವವನ್ನು ಒಂದು ಮನೆಯಲ್ಲಿ ಎರಡು ಕೆಲಸ ನೋಡಿಕೊಳ್ಳುವ ಆಳು ಎಂದುಕೊಳ್ಳಿ. ಒಂದು ಕೆಲಸ, ಆಂಜಿಯೋಟೆನ್ಸಿನ್-1 ಎಂಬ ಹೆಚ್ಚು ಶಕ್ತಿಯಿಲ್ಲದ ವಸ್ತುವನ್ನು ಆಂಜಿಯೋಟೆನ್ಸಿನ್-2 ಆಗಿ ಬದಲಾಯಿಸುವುದು. ಈ ಎರಡನೆಯದು ರಕ್ತನಾಳಗಳನ್ನು ಬಿಗಿಯುತ್ತದೆ, ಜೊತೆಗೆ ಆಲ್ಡೋಸ್ಟೆರಾನ್ ಎಂಬ ಹಾರ್ಮೋನು ಬಿಡುಗಡೆಯಾಗುವಂತೆ ಮಾಡುತ್ತದೆ. ಎರಡೂ ಸೇರಿ ಒತ್ತಡ ಏರುತ್ತದೆ. ಅದೇ ಆಳಿನ ಇನ್ನೊಂದು ಕೆಲಸ ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆದುಹಾಕುವುದು. ಎನಾಲಪ್ರಿಲ್ ಕೊಟ್ಟು ಆಳಿಗೆ ರಜೆ ಕೊಟ್ಟರೆ ಎರಡೂ ಕೆಲಸ ನಿಲ್ಲುತ್ತವೆ. ಮೊದಲನೆಯದು ನಿಂತಿದ್ದರಿಂದ ನಮಗೆ ಬೇಕಾದದ್ದು ಆಯಿತು, ರಕ್ತದೊತ್ತಡ ಇಳಿಯಿತು. ಎರಡನೆಯದೂ ನಿಂತಿದ್ದರಿಂದ ಒಡೆಯದೆ ಉಳಿದ ಬ್ರಾಡಿಕೈನಿನ್ ಸಂಗ್ರಹವಾಗುತ್ತದೆ. ಶ್ವಾಸನಾಳದ ಸೂಕ್ಷ್ಮ ನರತುದಿಗಳನ್ನು ಅದು ಕೆರಳಿಸುತ್ತದೆ. ವಿದ್ಯಾರ್ಥಿನಿ ಬರೆದ ಒಣಕೆಮ್ಮು ಬಂದದ್ದು ಅಲ್ಲಿಂದ.

ಈ ಔಷಧ ಹುಟ್ಟಿದ ಕಥೆಯಲ್ಲೂ ಬ್ರಾಡಿಕೈನಿನ್ ಇದೆ. 1949ರಲ್ಲಿ ಬ್ರೆಜಿಲ್‌ನ ಮೌರಿಸಿಯೋ ರೋಶಾ ಎ ಸಿಲ್ವಾ ಮತ್ತು ಸಂಗಡಿಗರು ಬಾತ್ರೋಪ್ಸ್ ಜರರಾಕ ಎಂಬ ಮಂಡಲಜಾತಿಯ ಹಾವಿನ ವಿಷವನ್ನು ರಕ್ತದ ಜೊತೆ ಸೇರಿಸಿದಾಗ ಹುಟ್ಟುವ ಹೊಸ ವಸ್ತುವೊಂದನ್ನು ಗುರುತಿಸಿದರು. ಅದೇ ಬ್ರಾಡಿಕೈನಿನ್. ಬ್ರಾಡಿಕೈನಿನ್‌ನ ಪರಿಣಾಮವನ್ನು ಹೆಚ್ಚಿಸುವ ಅಂಶವೂ ಅದೇ ಹಾವಿನ ವಿಷದಲ್ಲಿದೆ ಎಂದು ಸೆರ್ಜಿಯೋ ಫೆರೇರಾ 1965ರಲ್ಲಿ ಪ್ರಕಟಿಸಿದರು. ಅದನ್ನು ಅವರು ಲಂಡನ್ನಿನಲ್ಲಿದ್ದ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ವಿಷದಲ್ಲಿದ್ದ ಸಣ್ಣ ಪೆಪ್ಟೈಡ್‌ಗಳು ಎಸಿಇಯನ್ನು ತಡೆಯುತ್ತವೆ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಆ ದಾರಿಯಲ್ಲೇ ಅಮೆರಿಕದ ಸ್ಕ್ವಿಬ್ ಕಂಪನಿಯ ಡೇವಿಡ್ ಕುಶ್ಮನ್, ಮಿಗೆಲ್ ಒಂಡೆಟ್ಟಿ ಅವರು ಬಾಯಿಯ ಮೂಲಕ ತೆಗೆದುಕೊಳ್ಳಬಹುದಾದ ಕ್ಯಾಪ್ಟೊಪ್ರಿಲ್ ತಯಾರಿಸಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು, 1985ರಲ್ಲಿ ಎನಾಲಪ್ರಿಲ್ ಬಂತು. ಬ್ರಾಡಿಕೈನಿನ್ ಹೆಚ್ಚಾಗುವುದನ್ನು ಬೆನ್ನಟ್ಟಿ ಹೋಗಿ ಸಿಕ್ಕಿದ ಔಷಧದಿಂದ ಬ್ರಾಡಿಕೈನಿನ್‌ನ ಕೆಮ್ಮು ಬರುವುದರಲ್ಲಿ ಆಶ್ಚರ್ಯವಿಲ್ಲ. ತರಗತಿಯಲ್ಲಿ ಈ ಕಥೆ ಹೇಳಿದ ವರ್ಷ ಒಣಕೆಮ್ಮನ್ನು ಮರೆಯುವವರು ಕಡಿಮೆ.

ಈ ಕೆಮ್ಮನ್ನು ಗುರುತಿಸುವುದು ಹೇಗೆ? ಕಫ ಇರುವುದಿಲ್ಲ, ಜ್ವರ ಇರುವುದಿಲ್ಲ. ಗಂಟಲಲ್ಲಿ ಕಚಗುಳಿ ಇಟ್ಟ ಹಾಗೆ ಆಗುತ್ತಲೇ ಇರುತ್ತದೆ. ಮಾತ್ರೆ ಶುರು ಮಾಡಿದ ಕೆಲವೇ ದಿನಗಳಲ್ಲಿ ಬರಬಹುದು, ಕೆಲವು ತಿಂಗಳ ನಂತರವೂ ಬರಬಹುದು. ಈ ವರ್ಗದ ಮಾತ್ರೆ ತೆಗೆದುಕೊಳ್ಳುವ 100 ಜನರಲ್ಲಿ ಸುಮಾರು 5ರಿಂದ 20 ಮಂದಿಗೆ ಬರುತ್ತದೆ ಎಂದು ಪಠ್ಯಗಳು ಹೇಳುತ್ತವೆ. ಹೆಂಗಸರಲ್ಲಿ ಹೆಚ್ಚು. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಹೋಗುತ್ತದೆ. ಕೆಲವರಿಗೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ.

ಅಂಗಡಿಯಲ್ಲಿ ಇದು ಹೇಗೆ ಕಾಣಿಸಿಕೊಳ್ಳುತ್ತದೆ ನೋಡಿ. ಐವತ್ತು ದಾಟಿದ ಹೆಂಗಸೊಬ್ಬರು ಬಂದು ‘ಒಂದು ಕೆಮ್ಮಿನ ಸಿರಪ್ ಕೊಡಪ್ಪ, ತಿಂಗಳಿಂದ ಹೋಗ್ತಾನೇ ಇಲ್ಲ’ ಎನ್ನುತ್ತಾರೆ. ಸಿರಪ್ ಕೊಡುತ್ತಾರೆ, ಕೆಮ್ಮು ಹೋಗುವುದಿಲ್ಲ. ಇನ್ನೊಂದು ಸಿರಪ್, ಮತ್ತೊಂದು. ಯಾರಾದರೂ ಆ್ಯಂಟಿಬಯಾಟಿಕ್ ಸೇರಿಸುತ್ತಾರೆ. ಮೂಲ ಬಿಪಿ ಮಾತ್ರೆಯಲ್ಲಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಎನಾಲಪ್ರಿಲ್‌ನ ಅಡ್ಡಪರಿಣಾಮದ ಪಟ್ಟಿಯಲ್ಲಿ ಒಣಕೆಮ್ಮು ಎಂದು ಬರೆದ ಹುಡುಗಿ ಆ ಕೌಂಟರಿನಲ್ಲಿದ್ದು ‘ಅಮ್ಮಾ, ಬಿಪಿಗೆ ಯಾವ ಮಾತ್ರೆ ತಗೋತಿದೀರಿ?’ ಎಂದು ಒಂದೇ ಒಂದು ಪ್ರಶ್ನೆ ಕೇಳಿದರೆ ಸಾಕು. ಮಾತ್ರೆ ನಿಲ್ಲಿಸಿ ಎಂದು ಹೇಳುವ ಅಧಿಕಾರ ಅವಳಿಗಿಲ್ಲ, ಹೇಳಲೂಬಾರದು. ‘ಚೀಟಿ ಬರೆದ ಡಾಕ್ಟರಿಗೆ ಈ ಕೆಮ್ಮಿನ ವಿಷಯ ಹೇಳಿ’ ಎನ್ನಬಹುದು. ವೈದ್ಯರು ಲೊಸಾರ್ಟಾನ್‌ನಂಥ ಇನ್ನೊಂದು ವರ್ಗದ ಮಾತ್ರೆಗೆ ಬದಲಾಯಿಸಬಹುದು. ಅದು ಎಸಿಇ ಕಿಣ್ವವನ್ನು ಮುಟ್ಟದೆ ಆಂಜಿಯೋಟೆನ್ಸಿನ್-2 ಹೋಗಿ ಕೂರುವ ಜಾಗವನ್ನಷ್ಟೇ ತಡೆಯುತ್ತದೆ. ಬ್ರಾಡಿಕೈನಿನ್ ತನ್ನಷ್ಟಕ್ಕೆ ಒಡೆದುಹೋಗುತ್ತಿರುತ್ತದೆ. ಹಾಗಾಗಿ ಕೆಮ್ಮು ಅಪರೂಪ.

ಆದ್ದರಿಂದ ‘ಒಣಕೆಮ್ಮು’ ಎಂಬ ಒಂದು ಪದಕ್ಕೆ ನಾನು ಕೊಡುವ ಬೆಲೆ, ಅದರ ಪಕ್ಕದಲ್ಲಿರುವ ‘ವಾಂತಿ, ತಲೆನೋವು’ಗಳಿಗೆ ಕೊಡುವುದಿಲ್ಲ. ಅವು ಸುಳ್ಳಲ್ಲ. ಎನಾಲಪ್ರಿಲ್‌ನಿಂದಲೂ ತಲೆನೋವು ಬರುತ್ತದೆ, ವಾಕರಿಕೆ ಬರುತ್ತದೆ. ಆದರೆ ಯಾವ ಔಷಧದ ಮುಂದೆ ಬರೆದರೂ ಅವು ಹೆಚ್ಚುಕಡಿಮೆ ಸರಿಯೇ. ಕೆಲವು ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಹತ್ತೂ ಉತ್ತರಗಳ ಕೊನೆಗೆ ವಾಂತಿ, ತಲೆನೋವು, ಭೇದಿ, ತಲೆಸುತ್ತು ಎಂಬ ನಾಲ್ಕೇ ಪದಗಳು ಅದೇ ಕ್ರಮದಲ್ಲಿ ಇರುತ್ತವೆ. ಅದನ್ನು ಪತ್ತೆಹಚ್ಚಲು ಒಂದು ಸುಲಭ ಉಪಾಯವಿದೆ. ಒಂದೊಂದೇ ಉತ್ತರ ತಿದ್ದುವ ಬದಲು ಮೊದಲು ಹತ್ತೂ ಉತ್ತರಗಳ ಅಡ್ಡಪರಿಣಾಮದ ಸಾಲನ್ನು ಮಾತ್ರ ಒಂದರ ಕೆಳಗೊಂದು ಓದಿಬಿಡಬೇಕು. ಓದಿ ಬರೆದವರ ಸಾಲುಗಳು ಬೇರೆಬೇರೆಯಾಗಿರುತ್ತವೆ. ಊಹಿಸಿ ಬರೆದವರದ್ದು ಒಂದೇ ಆಗಿರುತ್ತದೆ.

ಇನ್ನು ‘ಹೈಪೋಕಲೇಮಿಯ’. ಅಂದರೆ ರಕ್ತದಲ್ಲಿ ಪೊಟ್ಯಾಷಿಯಂ ಕಡಿಮೆಯಾಗುವುದು. ಎನಾಲಪ್ರಿಲ್‌ನಿಂದ ಆಗುವುದು ಇದಕ್ಕೆ ತದ್ವಿರುದ್ಧ, ಹೈಪರ್‌ಕಲೇಮಿಯ. ಎರಡು ಪದಗಳ ನಡುವೆ ಒಂದೆರಡು ಅಕ್ಷರ ವ್ಯತ್ಯಾಸ, ಕೈತಪ್ಪಿ ಬರೆದಿರಬಹುದು ಎಂದು ಬಿಟ್ಟುಬಿಡುವ ಮನಸ್ಸಾಗುತ್ತದೆ. ಬಿಡಬಾರದು. ಆಲ್ಡೋಸ್ಟೆರಾನ್‌ನ ಕೆಲಸ ಮೂತ್ರಪಿಂಡದಲ್ಲಿ ಸೋಡಿಯಂ ಉಳಿಸಿಕೊಂಡು ಪೊಟ್ಯಾಷಿಯಂ ಹೊರಗೆ ಕಳಿಸುವುದು. ಎನಾಲಪ್ರಿಲ್‌ನಿಂದ ಆಲ್ಡೋಸ್ಟೆರಾನ್ ಕಡಿಮೆಯಾಗುತ್ತದೆ, ಪೊಟ್ಯಾಷಿಯಂ ಒಳಗೇ ಉಳಿಯುತ್ತದೆ. ಮೂತ್ರಪಿಂಡ ಸರಿಯಿದ್ದವರಿಗೆ ಇದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಮೂತ್ರಪಿಂಡ ಸೋತವರಲ್ಲಿ, ಅಥವಾ ಜೊತೆಗೆ ಸ್ಪೈರೊನೊಲ್ಯಾಕ್ಟೋನ್‌ನಂಥ ಪೊಟ್ಯಾಷಿಯಂ ಉಳಿಸುವ ಔಷಧ ಇದ್ದವರಲ್ಲಿ ಅದು ಏರಿ ಹೃದಯದ ಬಡಿತದ ಲಯವನ್ನೇ ಕೆಡಿಸಬಹುದು.

‘ಪೊಟ್ಯಾಷಿಯಂ ಕಡಿಮೆಯಾಗುತ್ತದೆ’ ಎಂದು ನಂಬಿದ ಫಾರ್ಮಸಿಸ್ಟ್ ಅಂಥ ರೋಗಿಗೆ ಏನು ಹೇಳಿಯಾಳು? ಸುಸ್ತು ಎಂದರೆ ಎಳನೀರು ಕುಡಿಯಿರಿ ಎನ್ನುತ್ತಾಳೆ. ಬಿಪಿ ಇದೆ ಎಂದರೆ ಸೋಡಿಯಂ ಕಡಿಮೆಯಿರುವ ಉಪ್ಪು ಬಳಸಿ ಎನ್ನುತ್ತಾಳೆ. ಎಳನೀರಿನಲ್ಲಿ ಪೊಟ್ಯಾಷಿಯಂ ಧಾರಾಳ. ಆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್‌ನ ಒಂದು ಭಾಗ ತೆಗೆದು ಅದರ ಜಾಗಕ್ಕೆ ಹಾಕಿರುವುದು ಪೊಟ್ಯಾಷಿಯಂ ಕ್ಲೋರೈಡನ್ನೇ. ದಿಕ್ಕು ತಪ್ಪಿದ ಉತ್ತರ ಖಾಲಿ ಬಿಟ್ಟ ಉತ್ತರಕ್ಕಿಂತ ಕೆಟ್ಟದ್ದು. ಖಾಲಿ ಬಿಟ್ಟವಳು ಪುಸ್ತಕ ತೆರೆದು ನೋಡುತ್ತಾಳೆ, ಗೊತ್ತಿದೆ ಎಂದುಕೊಂಡವಳು ನೋಡುವುದಿಲ್ಲ. ಹಾಗಾಗಿ ಕೆಮ್ಮಿಗೆ ಅರ್ಧ ಅಂಕ, ಪೊಟ್ಯಾಷಿಯಂಗೆ ಸೊನ್ನೆ. ಉಪಯೋಗದ ಸಾಲಿಗೆ ಪೂರ್ತಿ ಒಂದು. ಹಾರ್ಟ್ ಫೇಲ್ಯೂರ್ ಎಂದು ಅವಳು ನೆನಪಿಟ್ಟಿದ್ದು ಸರಿಯಾಗಿದೆ. ತೀವ್ರ ಹೃದಯ ವೈಫಲ್ಯದವರಲ್ಲಿ ಎನಾಲಪ್ರಿಲ್ ಸಾವುಗಳನ್ನು ಕಡಿಮೆ ಮಾಡುತ್ತದೆ ಎಂದು 1987ರಲ್ಲೇ ಸ್ಕ್ಯಾಂಡಿನೇವಿಯಾದ ವೈದ್ಯರ ಅಧ್ಯಯನ ತೋರಿಸಿತ್ತು. ವರ್ಗದ ಅರ್ಧವೂ ಸೇರಿ ಒಟ್ಟು ಎರಡು.

ಅಂಚಿನಲ್ಲಿ ಬರೀ ‘ತಪ್ಪು’ ಎಂದು ಗೀಟು ಹಾಕಿದರೆ ಅವಳು ಮುಂದಿನ ಸಲ ಹೈಪೋ ಹೊಡೆದು ಹೈಪರ್ ಮಾಡಿಕೊಳ್ಳುತ್ತಾಳೆ, ಅಷ್ಟೆ. ಇನ್ನೊಂದು ಔಷಧ ಬಂದಾಗ ಮತ್ತೆ ಅದೇ ಗೊಂದಲ. ಅದಕ್ಕೇ ನಾನು ಅಲ್ಲಿ ‘ಆಲ್ಡೋಸ್ಟೆರಾನ್ ಏನು ಮಾಡುತ್ತದೆ?’ ಎಂಬ ಪ್ರಶ್ನೆಯೊಂದನ್ನು ಮಾತ್ರ ಬರೆಯುತ್ತೇನೆ. ಅದಕ್ಕೆ ಉತ್ತರ ಹುಡುಕಿಕೊಂಡವಳಿಗೆ ಸ್ಪೈರೊನೊಲ್ಯಾಕ್ಟೋನ್ ಯಾಕೆ ಪೊಟ್ಯಾಷಿಯಂ ಏರಿಸುತ್ತದೆ ಎಂಬುದೂ ತಾನಾಗಿ ತಿಳಿಯುತ್ತದೆ.

ವರ್ಗ ನೆನಪಿಡಲು ವಿದ್ಯಾರ್ಥಿಗಳು ಹಿಡಿಯುವ ದಾರಿ ಹೆಸರಿನ ಬಾಲ. ಔಷಧಗಳ ಜೆನೆರಿಕ್ ಹೆಸರುಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಒಂದು ಪದ್ಧತಿಯ ಪ್ರಕಾರ ಇಡುತ್ತದೆ. ಇಂಥ ಹೆಸರುಗಳ ಮೊದಲ ಪಟ್ಟಿ 1953ರಲ್ಲಿ ಬಂತು. ಒಂದೇ ಗುಂಪಿನ ಔಷಧಗಳಿಗೆ ಒಂದೇ ಬಾಲ: ಎಸಿಇ ತಡೆಯುವವಕ್ಕೆ ‘ಪ್ರಿಲ್’, ಬೀಟಾ ಬ್ಲಾಕರ್‌ಗಳಿಗೆ ‘ಓಲಾಲ್’, ಲೊಸಾರ್ಟಾನ್ ಕುಟುಂಬಕ್ಕೆ ‘ಸಾರ್ಟಾನ್’. ಇದು ನಿಜವಾಗಿಯೂ ಉಪಯುಕ್ತ, ನಾನೂ ಹೇಳಿಕೊಡುತ್ತೇನೆ. ತೊಂದರೆ ಬರುವುದು ಬಾಲವನ್ನು ಅರ್ಧಕ್ಕೆ ಕತ್ತರಿಸಿ ಹಿಡಿದಾಗ. ‘ಆ್ಯಜೋಲ್ ಎಂದು ಮುಗಿದರೆ ಫಂಗಸ್ ಔಷಧ’ ಎಂದು ಕಲಿತವರು ಒಮೆಪ್ರಜೋಲ್ ಮುಂದೆ ‘ಆ್ಯಂಟಿಫಂಗಲ್, ಹುಳುಕಡ್ಡಿಗೆ’ ಎಂದು ಬರೆಯುತ್ತಾರೆ. ಫ್ಲುಕೊನಜೋಲ್ ಫಂಗಸ್‌ಗೆ ಹೌದು, ಅದರ ಬಾಲ ‘ಕೊನಜೋಲ್’. ಒಮೆಪ್ರಜೋಲ್‌ನ ಬಾಲ ‘ಪ್ರಜೋಲ್’, ಅದು ಹೊಟ್ಟೆಯ ಆಮ್ಲ ತಗ್ಗಿಸುತ್ತದೆ. ಮೆಟ್ರೊನಿಡಜೋಲ್ ಅಮೀಬಾದಂಥ ಜೀವಿಗಳಿಗೆ, ಆಲ್ಬೆಂಡಜೋಲ್ ಜಂತುಹುಳುವಿಗೆ. ಪೂರ್ತಿ ಬಾಲ ಹಿಡಿದರೂ ಕೆಲವೆಡೆ ಕೈಕೊಡುತ್ತದೆ. ಅರಿಪಿಪ್ರಜೋಲ್ ಕೇಳಿದರೆ ಅಸಿಡಿಟಿ ಮಾತ್ರೆಯಂತಿದೆ, ಆದರೆ ಅದನ್ನು ಕೊಡುವುದು ಸ್ಕಿಜೋಫ್ರೇನಿಯದಂಥ ಮಾನಸಿಕ ಕಾಯಿಲೆಗೆ. ಇಂಥ ಉತ್ತರದಲ್ಲಿ ಮೂರು ಸಾಲೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ಆದರೆ ಮೂರೂ ಬೇರೆ ಔಷಧದವು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಅಂಕವಿಲ್ಲ.

ಮುಂದಿನ ಉತ್ತರ ಪ್ರೊಪ್ರನೊಲಾಲ್. ವರ್ಗ: ಬೀಟಾ ಬ್ಲಾಕರ್. ಉಪಯೋಗ: ಬಿಪಿ, ಎದೆನೋವು, ಮೈಗ್ರೇನ್. ಅಡ್ಡಪರಿಣಾಮ: ಅಸ್ತಮಾ, ಶುಗರ್. ವರ್ಗ ಸರಿ. ಉಪಯೋಗದಲ್ಲಿ ಮೈಗ್ರೇನ್ ಎಂದಷ್ಟೇ ಬರೆದರೆ ಸಾಲದು. ತಲೆನೋವು ಶುರುವಾದ ಮೇಲೆ ನುಂಗಿದರೆ ಪ್ರೊಪ್ರನೊಲಾಲ್ ಏನೂ ಮಾಡುವುದಿಲ್ಲ. ಪದೇ ಪದೇ ಬರುವವರಿಗೆ, ಬರದಂತೆ ತಡೆಯಲು, ದಿನಾ ಕೊಡುವ ಮಾತ್ರೆ ಅದು. ‘ತಡೆಯಲು’ ಎಂಬ ಪದವಿಲ್ಲದ್ದರಿಂದ ಉತ್ತರ ಪೂರ್ತಿಯಾಗುವುದಿಲ್ಲ. ನೋವು ಬಂದಾಗ ಮಾತ್ರ ಒಂದು ಮಾತ್ರೆ ನುಂಗಿ, ಇಲ್ಲದಾಗ ಬಿಟ್ಟುಬಿಡುವ ರೋಗಿಗೆ ಕೌಂಟರಿನಲ್ಲಿ ಹೇಳಬೇಕಾದದ್ದು ಆ ಪದವನ್ನೇ. ದಿನಾ ತೆಗೆದುಕೊಳ್ಳುತ್ತಿದ್ದ ಬೀಟಾ ಬ್ಲಾಕರನ್ನು ತಟ್ಟನೆ ನಿಲ್ಲಿಸಿದರೆ ಹೃದಯದ ತೊಂದರೆ ಇದ್ದವರಿಗೆ ಎದೆನೋವು ಜೋರಾಗುವ ಅಪಾಯ ಬೇರೆ ಇದೆ.

ಅಡ್ಡಪರಿಣಾಮದ ಸಾಲಿನಲ್ಲಿ ಎರಡು ಪದ, ಎರಡೂ ಅಸ್ಪಷ್ಟ. ಇಂಥಲ್ಲಿ ವಿದ್ಯಾರ್ಥಿನಿಯನ್ನು ಕರೆದು ಕೇಳುವುದೇ ಮೇಲು.

‘ಪ್ರೊಪ್ರನೊಲಾಲ್ ನುಂಗಿದವರಿಗೆಲ್ಲ ಅಸ್ತಮಾ ಬರುತ್ತೇನಮ್ಮ?’

‘ಇಲ್ಲ ಮೇಡಂ, ಮೊದಲೇ ಅಸ್ತಮಾ ಇದ್ದೋರಿಗೆ ಕೊಡಬಾರದು.’

‘ಯಾಕೆ?’

‘ಬೀಟಾ-2 ಶ್ವಾಸನಾಳದಲ್ಲೂ ಇದೆ ಮೇಡಂ. ಅದು ಬ್ಲಾಕ್ ಆದರೆ ಉಸಿರಿನ ದಾರಿ ಕಿರಿದಾಗುತ್ತೆ.’

‘ಸರಿ. ಶುಗರ್ ಅಂದರೆ ಏನು? ಹೆಚ್ಚಾಗುತ್ತೋ, ಕಡಿಮೆಯಾಗುತ್ತೋ?’

ಇಲ್ಲಿ ಅವಳು ಸುಮ್ಮನಾದಳು.

ಅಸ್ತಮಾ ಅವಳಿಗೆ ಗೊತ್ತಿತ್ತು, ಬರೆಯುವುದು ಗೊತ್ತಿರಲಿಲ್ಲ. ಅಡ್ಡಪರಿಣಾಮ ಬೇರೆ, ಯಾರಿಗೆ ಕೊಡಬಾರದು ಎಂಬುದು ಬೇರೆ. ‘ಶ್ವಾಸನಾಳ ಬಿಗಿಯುವುದು’ ಮೊದಲನೆಯದು, ‘ಅಸ್ತಮಾ ಇದ್ದವರಿಗೆ ಬೇಡ’ ಎರಡನೆಯದು. ಪತ್ರಿಕೆಯಲ್ಲಿದ್ದುದಕ್ಕೆ ಮಾತ್ರ ಅಂಕ ಕೊಡಬೇಕು ಎಂಬ ನಿಯಮಕ್ಕೆ ನಾನು ಬದ್ಧಳು, ಹಾಗಾಗಿ ಅವಳ ಬಾಯಿಯ ಉತ್ತರಕ್ಕೆ ಅಂಕ ಏರಿಸಲಿಲ್ಲ. ಆದರೆ ಅವಳಿಗೆ ಕಲಿಸಬೇಕಾದದ್ದು ಔಷಧಶಾಸ್ತ್ರವಲ್ಲ, ಎರಡು ತಲೆಬರಹಗಳ ವ್ಯತ್ಯಾಸ ಎಂದು ನನಗೆ ತಿಳಿಯಿತು. ಶುಗರ್ ವಿಷಯದಲ್ಲಿ ಹಾಗಲ್ಲ, ಅಲ್ಲಿ ತಿಳಿವಳಿಕೆಯೇ ಇರಲಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶುಗರ್ ತೀರಾ ಇಳಿದಾಗ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಅದೇ ಅವರಿಗೆ ಎಚ್ಚರಿಕೆ, ತಕ್ಷಣ ಸಿಹಿ ತಿನ್ನುತ್ತಾರೆ. ಪ್ರೊಪ್ರನೊಲಾಲ್ ಆ ಬಡಿತವನ್ನೂ ನಡುಕವನ್ನೂ ಅಡಗಿಸಿಬಿಡುತ್ತದೆ. ಬೆವರು ಮಾತ್ರ ಉಳಿಯುತ್ತದೆ, ಏಕೆಂದರೆ ಬೆವರುಗ್ರಂಥಿಗಳ ನಿಯಂತ್ರಣ ಬೇರೆ ಬಗೆಯದು. ‘ಶುಗರ್ ಇಳಿದ ಲಕ್ಷಣ ಮುಚ್ಚಿಹೋಗುತ್ತದೆ’ ಎಂದು ಬರೆದಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು. ‘ಶುಗರ್’ ಎಂಬ ಒಂಟಿ ಪದದಿಂದ ಹೆಚ್ಚೋ ಕಡಿಮೆಯೋ ಮುಚ್ಚಿತೋ ಎಂದು ಓದುವವರು ಊಹಿಸಿಕೊಳ್ಳಬೇಕಾಗುತ್ತದೆ. ಅಡ್ಡಪರಿಣಾಮದ ಸಾಲಿನಲ್ಲಿ ಅಂಗದ ಹೆಸರು, ಕಾಯಿಲೆಯ ಹೆಸರು ಮಾತ್ರ ಬರೆದರೆ ಉತ್ತರವಾಗದು. ಏನಾಗುತ್ತದೆ ಎಂಬ ಕ್ರಿಯೆ ಅಲ್ಲಿರಬೇಕು.

ಇಷ್ಟೆಲ್ಲ ಕೇಳಿದ ಮೇಲೆ, ವರ್ಗ ಒಂದನ್ನು ಸರಿಯಾಗಿ ಹಿಡಿದರೆ ಉಳಿದೆಲ್ಲ ಸಲೀಸು ಎಂಬ ಭಾವನೆ ಬರಬಹುದು. ಅದಕ್ಕೂ ಮಿತಿ ಇದೆ. ಅದನ್ನು ತೋರಿಸುವುದು ಎಲ್ಲರಿಗೂ ಗೊತ್ತಿರುವ ಪ್ಯಾರಾಸಿಟಮಾಲ್. ಪಠ್ಯಪುಸ್ತಕಗಳಲ್ಲಿ ಇದನ್ನು ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳ ಅಧ್ಯಾಯದಲ್ಲೇ, ಎನ್‌ಸೇಡ್ ಎಂಬ ನೋವುನಿವಾರಕ ಗುಂಪಿನ ಜೊತೆಗೇ ಇಟ್ಟಿರುತ್ತಾರೆ. ವಿದ್ಯಾರ್ಥಿ ‘ವರ್ಗ: ಎನ್‌ಸೇಡ್’ ಎಂದು ಬರೆದರೆ ಪುಸ್ತಕ ಅವನ ಪರವಾಗಿಯೇ ಇದೆ. ಆಮೇಲೆ ಅವನು ನಾನೇ ಹೇಳಿಕೊಟ್ಟ ಪ್ರಕಾರ ಯೋಚಿಸುತ್ತಾನೆ. ಎನ್‌ಸೇಡ್‌ಗಳು ಹೊಟ್ಟೆಯ ಒಳಪದರ ಕಾಯುವ ಪ್ರೊಸ್ಟಗ್ಲಾಂಡಿನ್‌ಗಳನ್ನು ಕಡಿಮೆ ಮಾಡುತ್ತವೆ, ಆದ್ದರಿಂದ ‘ಅಡ್ಡಪರಿಣಾಮ: ಹೊಟ್ಟೆಹುಣ್ಣು’. ಯೋಚನೆಯ ದಾರಿ ಸರಿ, ಬಂದ ಜಾಗ ತಪ್ಪು. ಪ್ಯಾರಾಸಿಟಮಾಲ್ ಜ್ವರ, ನೋವು ಇಳಿಸುತ್ತದೆ. ಆದರೆ ಊತದ ಜಾಗದಲ್ಲಿ, ಹೊಟ್ಟೆಯಲ್ಲಿ ಪ್ರೊಸ್ಟಗ್ಲಾಂಡಿನ್‌ಗಳ ಮೇಲೆ ಅದರ ಪ್ರಭಾವ ಬಹಳ ಕಡಿಮೆ. ಊತ ಇಳಿಸುವ ಶಕ್ತಿ ಅದಕ್ಕಿಲ್ಲದಿರುವುದೂ, ಹೊಟ್ಟೆಗೆ ಅಷ್ಟಾಗಿ ತೊಂದರೆ ಕೊಡದಿರುವುದೂ ಒಂದೇ ಕಾರಣಕ್ಕೆ. ಹುಣ್ಣಿದ್ದವರಿಗೆ ಜ್ವರ ಬಂದರೆ ಇದನ್ನೇ ಆರಿಸುವುದು ಅದಕ್ಕೇ.

ಇನ್ನೊಬ್ಬ ವಿದ್ಯಾರ್ಥಿ ‘ಅಡ್ಡಪರಿಣಾಮ: ಲಿವರ್ ಫೇಲ್ಯೂರ್’ ಎಂದು ಬರೆದಿರುತ್ತಾನೆ. ಇದು ನಿಜ, ಆದರೆ ಪ್ರಮಾಣ ಹೇಳದೆ ಬರೆದರೆ ಜನರನ್ನು ಸುಮ್ಮನೆ ಹೆದರಿಸಿದಂತೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಗರಿಷ್ಠ 4 ಗ್ರಾಂ ಎನ್ನುತ್ತಾರೆ, ಅಂದರೆ 500 ಮಿಲಿಗ್ರಾಂನ 8 ಮಾತ್ರೆ, 650ರದ್ದಾದರೆ 6. ಅಷ್ಟರೊಳಗೆ ಯಕೃತ್ತು ಅದನ್ನು ಸಂಭಾಳಿಸುತ್ತದೆ. ಸ್ವಲ್ಪ ಭಾಗ ವಿಷಕಾರಿ ವಸ್ತುವಾಗಿ ಬದಲಾದರೂ ಯಕೃತ್ತಿನಲ್ಲಿರುವ ಗ್ಲುಟಾಥಯೋನ್ ಅದನ್ನು ಹಿಡಿದು ನಿರಪಾಯ ಮಾಡುತ್ತದೆ. ಪ್ರಮಾಣ ಬಹಳ ಮೀರಿದಾಗ ಗ್ಲುಟಾಥಯೋನ್ ತೀರಿಹೋಗಿ ಯಕೃತ್ತಿನ ಕೋಶಗಳು ಸಾಯತೊಡಗುತ್ತವೆ. ಮದ್ಯ ಹೆಚ್ಚಾಗಿ ಕುಡಿಯುವವರಿಗೆ, ಊಟ ಸರಿಯಿಲ್ಲದವರಿಗೆ ಮಿತಿ ಇನ್ನೂ ಕಡಿಮೆ. ಇದು ಅಡ್ಡಪರಿಣಾಮವಲ್ಲ, ಅತಿಪ್ರಮಾಣದ ವಿಷಪರಿಣಾಮ. ಉತ್ತರದಲ್ಲಿ ‘ಪ್ರಮಾಣ ಮೀರಿದರೆ’ ಎಂದು ಸೇರಿಸಿದ್ದರೆ ಪೂರ್ತಿ ಅಂಕ. ಅಂಗಡಿಯಲ್ಲೂ ಅದೇ ಮುಖ್ಯ. ನೆಗಡಿಯ ಮಾತ್ರೆಗಳಲ್ಲಿ ಬಹಳಷ್ಟರಲ್ಲಿ ಪ್ಯಾರಾಸಿಟಮಾಲ್ ಬೆರೆತಿರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು, ಮೈಕೈನೋವಿಗೊಂದು ಎಂದು ಮೂರು ಪಟ್ಟಿ ಒಯ್ಯುವವರು ಒಂದೇ ಔಷಧವನ್ನು ಮೂರು ಹೆಸರಿನಲ್ಲಿ ನುಂಗುತ್ತಿರಬಹುದು.

ಪುಸ್ತಕದಲ್ಲಿ ಇಲ್ಲದ ತೊಂದರೆಯೂ ಕೌಂಟರಿಗೆ ಬರುತ್ತದೆ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುವ ದೇಶದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮಕ್ಕೆ ಔಷಧದಿಂದ ಆಗಿರಬಹುದೆಂಬ ಅನುಮಾನ ಬಂದ ತೊಂದರೆಗಳನ್ನು ವೈದ್ಯರಷ್ಟೇ ಅಲ್ಲ, ಫಾರ್ಮಸಿಸ್ಟರೂ, ರೋಗಿಗಳೂ ವರದಿ ಮಾಡಬಹುದು. ಅದರ ಉಚಿತ ಸಹಾಯವಾಣಿ 1800-180-3024. ಆ ಫಾರಂನಲ್ಲಿ ಕೇಳುವುದು ಔಷಧ ಯಾವುದು, ಯಾತಕ್ಕೆ ಕೊಟ್ಟಿದ್ದು, ಎಷ್ಟು ಪ್ರಮಾಣ, ಶುರುಮಾಡಿದ್ದು ಯಾವತ್ತು, ತೊಂದರೆ ಕಂಡಿದ್ದು ಯಾವತ್ತು, ನಿಲ್ಲಿಸಿದಾಗ ಏನಾಯಿತು ಎಂದು. ‘ಶುಗರ್’ ಎಂದಷ್ಟೇ ಬರೆಯುವವರಿಗೆ ಆ ಫಾರಂ ತುಂಬಲಾಗುವುದಿಲ್ಲ. ಅದಕ್ಕೆ ನಾನು ಆ ಫಾರಂನ ಪ್ರತಿಗಳನ್ನು ತರಗತಿಯಲ್ಲಿ ಹಂಚಿ, ಎನಾಲಪ್ರಿಲ್ ಕೆಮ್ಮಿನ ಕಲ್ಪಿತ ರೋಗಿಯೊಬ್ಬರನ್ನು ಕೊಟ್ಟು ತುಂಬಿಸುತ್ತೇನೆ.

ಕೊನೆಗೆ ಭಾಷೆ. ಪಾಠ, ಪರೀಕ್ಷೆ ಎರಡೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ನನ್ನ ತರಗತಿಯಲ್ಲಿ ಬಹಳ ಇದ್ದಾರೆ. ಕೆಮ್ಮು ಎಂಬುದಕ್ಕೆ ಇಂಗ್ಲಿಷಿನಲ್ಲಿ ಬರೆಯಬೇಕಾದ ಪದದ ಸ್ಪೆಲಿಂಗ್ ತಪ್ಪಿದ್ದರೆ, ವ್ಯಾಕರಣ ಮುರಿದಿದ್ದರೆ ನಾನು ಅಂಕ ಕಳೆಯುವುದಿಲ್ಲ. ಅರ್ಥ ಸ್ಪಷ್ಟವಿದ್ದರೆ ಸಾಕು. ಔಷಧದ ಹೆಸರಿನಲ್ಲಿ ಮಾತ್ರ ಈ ರಿಯಾಯಿತಿ ಇಲ್ಲ. ಹೈಡ್ರಲಜೀನ್ ರಕ್ತದೊತ್ತಡದ ಔಷಧ, ಹೈಡ್ರಾಕ್ಸಿಜೀನ್ ತುರಿಕೆಗೆ ಕೊಡುವ, ನಿದ್ದೆ ತರಿಸುವ ಆ್ಯಂಟಿಹಿಸ್ಟಮಿನ್. ಕ್ಲೋರ್‌ಪ್ರೊಪಮೈಡ್ ಶುಗರ್ ಇಳಿಸುತ್ತದೆ, ಕ್ಲೋರ್‌ಪ್ರೊಮಜೀನ್ ಮಾನಸಿಕ ಕಾಯಿಲೆಯ ಔಷಧ. ಇವುಗಳ ನಡುವೆ ಎಲ್ಲೋ ನಿಂತ ಹೆಸರೊಂದನ್ನು ಬರೆದು, ಕೆಳಗೆ ವರ್ಗ, ಉಪಯೋಗ, ಅಡ್ಡಪರಿಣಾಮ ಮೂರನ್ನೂ ಸರಿಯಾಗಿ ಬರೆದವರಿಗೆ ಎಷ್ಟು ಕೊಡಬೇಕು ಎಂಬುದು ನಮ್ಮ ವಿಭಾಗದಲ್ಲಿ ಪ್ರತಿ ಸಲ ಚರ್ಚೆಗೆ ಬರುತ್ತದೆ. ಮೂರು ಸಾಲುಗಳಿಂದ ಯಾವ ಔಷಧ ಎಂದು ತಿಳಿಯುತ್ತದಲ್ಲ, ಅಂಕ ಕೊಡೋಣ ಎನ್ನುತ್ತಾರೆ ಕೆಲವರು. ನಾನು ಒಂದು ಅಂಕ ಹಿಡಿದಿಡುತ್ತೇನೆ, ಹೆಸರಿನ ಸುತ್ತ ಕೆಂಪು ಗೆರೆ ಎಳೆಯುತ್ತೇನೆ, ಪಕ್ಕದಲ್ಲಿ ಎರಡೂ ಹೆಸರುಗಳನ್ನು ಬಿಡಿಬಿಡಿಯಾಗಿ ಬರೆಯುತ್ತೇನೆ. ಪತ್ರಿಕೆ ವಾಪಸ್ ಕೊಡುವಾಗ ಎರಡರಲ್ಲಿ ಅವಳು ಹೇಳಹೊರಟದ್ದು ಯಾವುದು ಎಂದು ಜೋರಾಗಿ ಓದಿಸುತ್ತೇನೆ.